ಒಳಬರುವ ಮಾಲಿನ ತಪಾಸಣೆ ಪಟ್ಟಿ: ಬುಷ್‌ ಪುಟ ಮುಗಿಯಿತು

ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ನಮ್ಮ ಘಟಕಕ್ಕೆ ನಾನು ಸಿದ್ಧಪಡಿಸುತ್ತಿರುವ ತಪಾಸಣೆ ಪಟ್ಟಿಯಲ್ಲಿ ಈ ವಾರ ಕಂಚಿನ ಬುಷ್‌ನ ಪುಟ ಬಳಕೆಗೆ ಬಂತು. ಬುಷ್‌ನ ಬೋರ್, ಅಂದರೆ ಒಳರಂಧ್ರದ ವ್ಯಾಸ, 12.000ರಿಂದ 12.018 ಮಿ.ಮೀ. ಒಳಗಿರಬೇಕು. ನೋಡುವುದು ಪ್ಲಗ್ ಗೇಜ್‌ನಲ್ಲಿ: ‘ಗೋ’ ತುದಿ ಒತ್ತದೆ ಇಳಿಯಬೇಕು, ‘ನೋ ಗೋ’ ತುದಿ ಬಾಯಲ್ಲೇ ನಿಲ್ಲಬೇಕು.

ಲಾಟಿನಲ್ಲಿ 1000 ಬುಷ್, ನೂರರಂತೆ 10 ಪೆಟ್ಟಿಗೆ. ಮಾದರಿ ತಪಾಸಣೆಯ ಭಾರತೀಯ ಮಾನಕ ಐಎಸ್ 2500ರ ಕೋಷ್ಟಕದಲ್ಲಿ 501ರಿಂದ 1200ರವರೆಗಿನ ಲಾಟಿಗೆ ಸಾಮಾನ್ಯ ತಪಾಸಣೆಯ ಎರಡನೇ ಮಟ್ಟದಲ್ಲಿ ಮಾದರಿ 80. ಬೋರ್‌ಗೆ ನಾವಿಟ್ಟುಕೊಂಡ ಎಕ್ಯೂಎಲ್, ಅಂದರೆ ಒಪ್ಪಬಹುದಾದ ದೋಷದ ಶೇಕಡಾ ಮಿತಿ, 1.0. ಆ ಸಾಲಿನ ಪ್ರಕಾರ ದೋಷದ್ದು ಎರಡರವರೆಗೆ ಸಿಕ್ಕರೆ ಲಾಟ್ ಪಾಸು, ಮೂರಾದರೆ ವಾಪಸು. ಪಾಸಾದರೂ ಸಿಕ್ಕ ಆ ಎರಡನ್ನು ಲೈನಿಗೆ ಬಿಡುವಂತಿಲ್ಲ.

“ಮೇಲಿನ ಪೆಟ್ಟಿಗೆಯಿಂದ್ಲೇ ಎಂಬತ್ತು ತಗೊಂಡ್ರೆ ಆಯ್ತಲ್ಲ ಸಾರ್” ಅಂದ ಸ್ಟೋರ್ಸ್ ಹುಡುಗ. ಬೇಡ ಅಂದೆ. ಪ್ರತಿ ಪೆಟ್ಟಿಗೆಯಿಂದ ಎಂಟು, ಅದೂ ತಳ, ನಡು, ಮೇಲೆ ಮೂರೂ ಕಡೆಯಿಂದ. ಬೋರಿಂಗ್ ಟೂಲ್ ಸವೆದಂತೆ ರಂಧ್ರ ಕಿರಿದಾಗುತ್ತಾ ಹೋಗುತ್ತದೆ. ಹಾಗಾಗಿ ದೋಷ ಲಾಟಿನ ತುಂಬಾ ಹರಡಿರುವುದಿಲ್ಲ, ಕೊನೆಗೆ ಕೊರೆದ ಮಾಲಿನಲ್ಲಿ ಗುಂಪಾಗಿ ಕೂತಿರುತ್ತದೆ.

ಆದದ್ದೂ ಹಾಗೆಯೇ. ಮೊದಲ ಎಂಟು ಪೆಟ್ಟಿಗೆ ಚೊಕ್ಕವಾಗಿದ್ದವು. ಒಂಬತ್ತನೆಯದರಲ್ಲಿ ಒಂದಕ್ಕೆ, ಹತ್ತನೆಯದರಲ್ಲಿ ಮೂರಕ್ಕೆ ‘ಗೋ’ ಇಳಿಯಲಿಲ್ಲ. ಬಾಯಲ್ಲಿ ಬರ್, ಅಂದರೆ ಕೊರೆದಾಗ ಉಳಿದ ಲೋಹದ ಮುಳ್ಳು, ಇದ್ದರೂ ಹೀಗೆ ತಡೆಯುತ್ತದೆ, ಆದ್ದರಿಂದ ಅಂಚು ಕೆರೆದು ಮತ್ತೆ ಹಾಕಿ ನೋಡಿದೆವು. ಇಳಿಯಲಿಲ್ಲ. ಮೂರನೆಯದು ಸಿಕ್ಕಾಗಲೇ ತೀರ್ಮಾನವಾಗಿತ್ತು, ಆದರೂ ಎಂಬತ್ತನ್ನೂ ಮುಗಿಸಿದೆವು. ಯಾವ ಪೆಟ್ಟಿಗೆಯಲ್ಲಿ ಎಷ್ಟು ಅನ್ನುವ ಲೆಕ್ಕ ಕೈಯಲ್ಲಿದ್ದರೆ ಸರಬರಾಜುದಾರರಿಗೆ ಕಾರಣ ಹುಡುಕುವುದು ಸುಲಭ.

ಅಸೆಂಬ್ಲಿಯವರು ಬಂದು, ಒಳ್ಳೆಯ ಎಂಟು ಪೆಟ್ಟಿಗೆ ಕೊಡಿ ಅಂದರು. ಅವಸರ ನನಗೂ ಗೊತ್ತು. ಆದರೆ ಪೆಟ್ಟಿಗೆಗೆ ಎಂಟೇ ನೋಡಿ ಆ ಪೆಟ್ಟಿಗೆ ಒಳ್ಳೆಯದು ಅನ್ನಲಾಗದು. ಈ 80ರ ಯೋಜನೆಯಲ್ಲೇ ನೂರಕ್ಕೆ ಐದು ಕೆಟ್ಟಿರುವ ಲಾಟ್ ಕೂಡ ನಾಲ್ಕರಲ್ಲಿ ಒಂದು ಸಲದಷ್ಟು ಪಾಸಾಗಿಬಿಡುತ್ತದೆ. ತೀರ ಬೇಕೇ ಬೇಕೆಂದರೆ ನಿಯಮ ಮೀರಿ ಬಿಡಲು ಅನುಮತಿ ಕೇಳುವ ಡೀವಿಯೇಷನ್ ಫಾರಂ ತುಂಬಿ, ಬೇಕಾದಷ್ಟನ್ನು ಒಂದೊಂದಾಗಿ ಗೇಜ್ ಹಾಕಿಯೇ ಕೊಡಬೇಕು ಎಂದು ಪಟ್ಟಿಯಲ್ಲಿ ಬರೆದೆ. ಇನ್ನೂರು ಹಾಗೆ ಹೋದವು.

ಉಳಿದದ್ದಕ್ಕೆ ಕೆಂಪು ಚೀಟಿ, ಬೀಗ ಹಾಕಿದ ರಿಜೆಕ್ಷನ್ ಪಂಜರ. ಚೀಟಿಯ ಮೇಲೆ ಚಲನ್ ನಂಬರ್, ಲಾಟ್ ನಂಬರ್, ದೋಷ, ಸಂಖ್ಯೆ. ಬೋರ್ ಕಿರಿದಾದದ್ದಕ್ಕೆ ರೀಮರ್ ಹಾಕಿ ಸರಿಮಾಡಬಹುದು, ಹಿಗ್ಗಿದ್ದರೆ ಗುಜರಿಗೇ.

ನಾನು ಹೆಚ್ಚು ಯೋಚಿಸಿ ಸೇರಿಸಿದ ಅಂಕಣ ‘ಮರುಸಲ್ಲಿಕೆ’. ವಾಪಸು ಹೋದ ಮಾಲು ಹೊಸ ಚಲನ್‌ನಲ್ಲಿ ಹೊಸ ಲಾಟಿನಂತೆ ಬಂದುಬಿಟ್ಟರೆ ಅದೃಷ್ಟದ ಮೇಲೆ ಪಾಸಾಗುವ ಸಾಧ್ಯತೆಯಿದೆ. ಹಾಗಾಗಿ ಹಳೆಯ ಲಾಟ್ ನಂಬರ್ ಮತ್ತು ಪ್ರತಿಯೊಂದನ್ನೂ ಆರಿಸಿದ ದಾಖಲೆ ಇಲ್ಲದೆ ಸ್ಟೋರ್ಸ್ ಒಳಗೆ ತೆಗೆದುಕೊಳ್ಳುವುದಿಲ್ಲ. ಬಂದ ಮೇಲೆ ಬಿಗಿ ತಪಾಸಣೆ: ಮಾದರಿ ಅದೇ 80, ಆದರೆ ದೋಷ ಒಂದೇ ಒಂದಕ್ಕೆ ಅವಕಾಶ. ಸರಬರಾಜುದಾರರು ರೀಮರ್ ಹಾಕಿ ಮುಂದಿನ ವಾರ ಕಳಿಸುತ್ತೇವೆ ಅಂದಿದ್ದಾರೆ.