ರೊಂಡೊ ಚೌಕದ ಅಳತೆ: ವಯಸ್ಸಿಗೆ ತಕ್ಕಂತೆ ಕೋನ್ ಸರಿಸುವುದು ಹೇಗೆ

ನಾಲ್ಕು ಕೋನ್ ಇಟ್ಟು ಚೌಕ ಮಾಡಿ, ಒಂದೊಂದು ಬದಿಗೆ ಒಬ್ಬರಂತೆ ನಾಲ್ವರನ್ನು ನಿಲ್ಲಿಸಿ, ನಡುವೆ ಇಬ್ಬರನ್ನು ಬಿಟ್ಟರೆ ಫುಟ್‌ಬಾಲ್‌ನ ಪಾಸಿಂಗ್ ಅಭ್ಯಾಸವಾದ ರೊಂಡೊ ಶುರು. ಹೊರಗಿನವರು ಚೆಂಡು ಉಳಿಸಿಕೊಳ್ಳಬೇಕು, ಒಳಗಿನವರು ಕಸಿದುಕೊಳ್ಳಬೇಕು. 1988ರಲ್ಲಿ ಬಾರ್ಸಿಲೋನಾದ ಕೋಚ್ ಆಗಿ ಬಂದ ಯೋಹಾನ್ ಕ್ರೈಫ್ ಇದನ್ನು ದಿನನಿತ್ಯದ ಅಭ್ಯಾಸದಲ್ಲಿ ಗಟ್ಟಿಯಾಗಿ ನೆಲೆಗೊಳಿಸಿದರು. ಕೋಚ್‌ಗಳು ಇದನ್ನು ಬಿಡದಿರಲು ಕಾರಣ ಸರಳ. ಇಬ್ಬರು ಎದುರುಬದುರು ನಿಂತು ಪಾಸ್ ಮಾಡುವಾಗ ಚೆಂಡನ್ನು ಯಾರಿಗೆ ಕೊಡಬೇಕು ಎಂದು ಯೋಚಿಸುವ ಅಗತ್ಯವೇ ಬರುವುದಿಲ್ಲ. ರೊಂಡೊದಲ್ಲಿ ಪ್ರತಿ ಸಲವೂ ಎಡಕ್ಕೋ, ಬಲಕ್ಕೋ, ಡಿಫೆಂಡರ್‌ಗಳ ನಡುವೆಯೋ ಎಂದು ಚೆಂಡು ಕಾಲಿಗೆ ತಾಗುವ ಮೊದಲೇ ತೀರ್ಮಾನಿಸಬೇಕು.

ಆ ತೀರ್ಮಾನಕ್ಕೆ ಎಷ್ಟು ಸಮಯ ಸಿಗುತ್ತದೆ ಎಂಬುದನ್ನು ನಿರ್ಧರಿಸುವುದು ಚೌಕದ ಅಳತೆ. ಅದಕ್ಕೇ ಒಂದೇ ಅಳತೆ ಎಲ್ಲ ವಯಸ್ಸಿಗೂ ಹೊಂದುವುದಿಲ್ಲ.

11 ವರ್ಷದ ಮಕ್ಕಳ ಒಂದು ಗುಂಪನ್ನೇ ತೆಗೆದುಕೊಳ್ಳೋಣ. ದೊಡ್ಡವರ ರೊಂಡೊ ನೋಡಿದವರು 8 ಮೀಟರ್ ಚೌಕದಲ್ಲಿ ನಾಲ್ವರ ಎದುರು ಇಬ್ಬರನ್ನು ಬಿಡುತ್ತಾರೆ. ಎರಡು–ಮೂರು ಪಾಸ್ ಆಗುವಷ್ಟರಲ್ಲಿ ಚೆಂಡು ಹೋಗುತ್ತದೆ. ಮಕ್ಕಳಿಗೆ ಪಾಸ್ ಬರುವುದಿಲ್ಲ ಎಂದುಕೊಳ್ಳುವುದು ಅವಸರ. ಈ ವಯಸ್ಸಿನಲ್ಲಿ ಫಸ್ಟ್ ಟಚ್ ಸುಮಾರು ಒಂದು ಮೀಟರ್ ಆಚೆ ಹೋಗುವುದು ಸಹಜ. ಅದನ್ನು ಹಿಡಿದು ತಲೆ ಎತ್ತುವಷ್ಟರಲ್ಲಿ ಡಿಫೆಂಡರ್ ಮೈಮೇಲೆ ಬಂದಿರುತ್ತಾನೆ. ಕೋನ್‌ಗಳನ್ನು ಸರಿಸಿ ಚೌಕವನ್ನು 11 ಮೀಟರ್ ಮಾಡಿ. ಆಗಲೂ ಚೆಂಡು ಹೊರಗಿನವರ ಬಳಿ ಉಳಿಯದಿದ್ದರೆ ಅದೇ ಚೌಕದಲ್ಲಿ ಒಬ್ಬ ಡಿಫೆಂಡರ್‌ನನ್ನು ಹೊರಗೆ ತನ್ನಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ಗೊತ್ತಾಗುವುದಿಲ್ಲ.

ಅಳತೆ ಸರಿಯಿದೆಯೇ ಎಂದು ತಿಳಿಯಲು ಪಾಸ್ ಎಣಿಸುತ್ತಾ ನಿಂತರೆ ಸಾಕು. ಹೆಚ್ಚಿನ ಸರದಿಗಳಲ್ಲಿ ನಾಲ್ಕಕ್ಕಿಂತ ಮೊದಲೇ ಚೆಂಡು ಹೋದರೆ ಚೌಕ ಚಿಕ್ಕದು. ಹನ್ನೆರಡು ದಾಟಿದರೂ ಡಿಫೆಂಡರ್‌ಗೆ ಚೆಂಡು ತಾಗದಿದ್ದರೆ ದೊಡ್ಡದು. ಆಗ ಒಂದೊಂದು ಮೀಟರ್‌ನಂತೆ ಒಳಗೆ ತನ್ನಿ.

ಇದು ಅಂದಾಜು ಅಳತೆ, ನಿಮ್ಮ ಗುಂಪನ್ನು ನೋಡಿ ತಿದ್ದಿಕೊಳ್ಳಿ: 8–9 ವರ್ಷದವರಿಗೆ ನಾಲ್ವರ ಎದುರು ಒಬ್ಬ, 9–10 ಮೀಟರ್, 10–12ಕ್ಕೆ ಇಬ್ಬರು, 10–11 ಮೀಟರ್, 14 ದಾಟಿದವರಿಗೆ 8–9 ಮೀಟರ್, ಎರಡು ಟಚ್. ಪಳಗಿದ ದೊಡ್ಡವರಿಗೆ 6–7 ಮೀಟರ್ ಸಾಕು.

ಟಚ್ ಮಿತಿಯನ್ನು ಚಿಕ್ಕವರ ಮೇಲೆ ಹೇರಬೇಡಿ. ಒಂದೇ ಟಚ್ ಎಂದರೆ ಮಕ್ಕಳು ನೋಡದೆ ಒದೆಯಲು ಶುರುಮಾಡುತ್ತಾರೆ, ಕಲಿಸಬೇಕಾದದ್ದೇ ತಪ್ಪಿಹೋಗುತ್ತದೆ. ಟಚ್ ಕಡಿಮೆ ಮಾಡುವುದು ಕೊನೆಯ ಹೆಜ್ಜೆ. ತಲೆ ಎತ್ತಿ ನೋಡುವುದು ಅಭ್ಯಾಸವಾದ ಮೇಲೆ ಮಾತ್ರ.

ಅಳತೆ ಸರಿಯಾದರೂ ಆಟ ನಿಂತುಹೋಗುವುದಕ್ಕೆ ಮುಖ್ಯ ಕಾರಣ ನಿಲ್ಲುವ ಜಾಗ. ಮಕ್ಕಳು ಕೋನ್ ಪಕ್ಕದ ಮೂಲೆಗೆ ಸರಿದು ಅಲ್ಲೇ ನಿಲ್ಲುತ್ತಾರೆ. ಆಗ ಡಿಫೆಂಡರ್ ಒಂದು ಹೆಜ್ಜೆ ಇಟ್ಟರೂ ಪಾಸಿನ ದಾರಿ ಮುಚ್ಚುತ್ತದೆ. ಬದಿಯ ಗೆರೆಯ ನಡುವೆ ನಿಂತವನಿಗೆ ಎರಡೂ ಕಡೆ ಸರಿಯಲು ಜಾಗ ಇರುತ್ತದೆ. ಚೆಂಡು ಪಕ್ಕದವನ ಬಳಿ ಇದ್ದಾಗ ಡಿಫೆಂಡರ್‌ನ ಬೆನ್ನ ಹಿಂದೆ ಮರೆಯಾಗದೆ, ಗೆರೆಯ ಮೇಲೆಯೇ ಒಂದೆರಡು ಮೀಟರ್ ಜಾರಿ ಕಾಣಿಸಿಕೊಳ್ಳಬೇಕು. ದೇಹವೂ ಚೌಕದ ಕಡೆಗೆ ತೆರೆದಿರಬೇಕು: ಚೆಂಡಿಗೆ ನೇರ ಎದುರು ನಿಂತವನು ಬಂದ ದಾರಿಯಲ್ಲೇ ವಾಪಸ್ ಕೊಡುತ್ತಾನೆ, ಓರೆಯಾಗಿ ನಿಂತು ಚೆಂಡಿನಿಂದ ದೂರದ ಕಾಲಿನಲ್ಲಿ ತಡೆದವನಿಗೆ ಆಚೆ ಬದಿಯೂ ಕಾಣುತ್ತದೆ.

ಒಳಗಿನವರು ನಡೆದಾಡಿದರೆ ಇದೆಲ್ಲ ವ್ಯರ್ಥ. ಮಧ್ಯದ ಸರದಿಯನ್ನು ಶಿಕ್ಷೆ ಎಂದುಕೊಂಡ ಮಕ್ಕಳು ಸುಮ್ಮನೆ ಓಡಾಡಿ ಕಾಲ ಕಳೆಯುತ್ತಾರೆ. 45 ಸೆಕೆಂಡಿನ ಸರದಿ ಇಟ್ಟು, ಆ ಅವಧಿಯಲ್ಲಿ ಜೋಡಿ ಎಷ್ಟು ಸಲ ಚೆಂಡು ಗೆದ್ದಿತೆಂದು ಎಣಿಸಿ, ಆಮೇಲೆ ಜೋಡಿ ಬದಲಿಸಿ. ಒಬ್ಬ ಚೆಂಡಿನ ಮೇಲೆ ಹೋದರೆ ಇನ್ನೊಬ್ಬ ಎರಡು–ಮೂರು ಮೀಟರ್ ಹಿಂದೆ, ಸ್ವಲ್ಪ ಪಕ್ಕಕ್ಕೆ ನಿಂತು ಮಧ್ಯದ ಪಾಸ್ ತಡೆಯಬೇಕು. ಇಬ್ಬರೂ ಒಟ್ಟಿಗೆ ಚೆಂಡಿಗೆ ನುಗ್ಗಿದರೆ ಆಚೆ ಬದಿ ಪೂರ್ತಿ ಖಾಲಿಯಾಗುತ್ತದೆ, ಅದನ್ನು ಹೊರಗಿನವರು ಗುರುತಿಸಬೇಕು. ಚೆಂಡು ಹೊರಹೋದಾಗ ಹುಡುಕಿ ತರುವಷ್ಟರಲ್ಲಿ ಬಿಸಿ ಆರುತ್ತದೆ. ಕೋಚ್ ಕಾಲ ಬಳಿ ನಾಲ್ಕೈದು ಚೆಂಡು ಇರಲಿ.

ರೊಂಡೊದಲ್ಲಿ ಗೋಲ್ ಇಲ್ಲ, ಮುನ್ನುಗ್ಗುವ ದಿಕ್ಕೂ ಇಲ್ಲ. ಹಾಗಾಗಿ 12–15 ನಿಮಿಷಕ್ಕೆ ನಿಲ್ಲಿಸಿ, ಎರಡು ಗೋಲ್ ಇಟ್ಟ ಸಣ್ಣ ಪಂದ್ಯಕ್ಕೆ ಹೋಗಿ.