ಹದಿನೇಳಾ ಹನ್ನೊಂದಾ

ಸೋಮವಾರದಿಂದ ಒಂದೇ ಮಾತು ತಲೇಲಿ ಸುತ್ತುತ್ತಾ ಇದೆ. "ಯಾವ್ದಾದ್ರೆ ಒಳ್ಳೇದು ಮಾವ?" ಕೇಳಿದ್ದು ನಮ್ಮಕ್ಕನ ಮಗಳು, ಚಿಕ್ಕಮಗಳೂರಲ್ಲಿ ಓದ್ತಾ ಇದಾಳೆ. ನಾನು ಹಾಸನದಲ್ಲಿ ಕಾಲೇಜು ಹುಡುಗರಿಗೆ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡೋನು, ಹಂಗಾಗಿ ನೆಂಟರ ಮಕ್ಕಳ ಪ್ರಾಜೆಕ್ಟೆಲ್ಲ ನನ್ನ ವಾಟ್ಸಾಪಿಗೇ ಬಂದು ಬೀಳುತ್ತೆ.

ಬೇಲೂರು ಬಸ್ ಸ್ಟ್ಯಾಂಡಲ್ಲಿ ಬಸ್ಸು ನಿಂತಿತ್ತು, ಟಿಂಗ್ ಅಂತ ಒಂದು ಫೋಟೋ ಬಂತು. ನೋಟ್‌ಬುಕ್ಕಿನ ಹಾಳೆ, ಅದರ ಮೇಲೆ ಅವಳದೇ ಕೈಯ ನೆರಳು, ಮೇಲಿನ ಹೆಡಿಂಗ್ ಅರ್ಧ ಕಟ್ಟಾಗಿದೆ. ಮೂರು ಕಾಲಂ, ಒಂದೊಂದರಲ್ಲಿ ಐದೈದು ಅಂಕಿ. ಪ್ರಾಜೆಕ್ಟ್ ಏನಪ್ಪಾ ಅಂದ್ರೆ ಫಿಲ್ಟರ್ ಕಾಫಿಗೆ ಚಿಕೋರಿ ಎಷ್ಟಿದ್ರೆ ಜನಕ್ಕೆ ಹಿಡಿಸುತ್ತೆ ಅಂತ. ಒಂದು ಚಿಕೋರಿ ಇಲ್ಲದ್ದು, ಒಂದು ಎಂಬತ್ತು-ಇಪ್ಪತ್ತು, ಒಂದು ಅರವತ್ತು-ನಲವತ್ತು. ಕುಡಿದೋರು ಮೂವತ್ತಕ್ಕೆ ಮಾರ್ಕ್ಸ್ ಹಾಕಬೇಕು. ಕಾಫಿ ಬೆಳೆಯೋ ಊರಲ್ಲಿ ಕೂತು ಚಿಕೋರಿ ಮೇಲೆ ಪ್ರಾಜೆಕ್ಟ್ ಮಾಡೋಕೆ ಧೈರ್ಯ ಬೇಕು, ಅದಿರಲಿ.

ಅಂಕಿ ಹಿಂಗಿತ್ತು:

ಚಿಕೋರಿ ಇಲ್ಲ: 12, 8, 22, 9, 18
ಎಂಬತ್ತು-ಇಪ್ಪತ್ತು: 23, 17, 28, 20, 26
ಅರವತ್ತು-ನಲವತ್ತು: 15, 24, 13, 16, 14

ನಾನು ಮೊದಲು ಕೇಳಿದ್ದು ಅಂಕಿ ಬಗ್ಗೆ ಅಲ್ಲ, ಅಡ್ಡ ಸಾಲಿನ ಬಗ್ಗೆ. ಅವಳ ಹಾಳೇಲಿ ಮೂರು ಕಾಲಂನ ಮೊದಲ ಅಂಕಿ 12, 23, 15 ಅಕ್ಕಪಕ್ಕ ಒಂದೇ ಸಾಲಲ್ಲಿವೆ, ಆ ಮೂರೂ ಒಬ್ಬರೇ ಕೊಟ್ಟಿದ್ದಾ? ಒಬ್ಬರೇ ಮೂರೂ ಕಾಫಿ ಕುಡಿದು ಮಾರ್ಕ್ಸ್ ಹಾಕಿದ್ರೆ ಅದು ಬೇರೆ ಲೆಕ್ಕ, ಫ್ರೀಡ್‌ಮನ್ ಟೆಸ್ಟಿಗೆ ಹೋಗಬೇಕು. ಫೋಟೋದಲ್ಲಿ ಅದು ಗೊತ್ತಾಗಲ್ಲ, ಎರಡೂ ಥರದ ಟೇಬಲ್ ನೋಡೋಕೆ ಒಂದೇ ಥರ ಇರುತ್ತೆ. ಅವಳು ಹೇಳಿದಳು, ಹಾಸ್ಟೆಲ್‌ನ ಹದಿನೈದು ಜನಕ್ಕೆ ಚೀಟಿ ಎತ್ತಿಸಿ ಒಬ್ಬೊಬ್ಬರಿಗೆ ಒಂದೇ ಲೋಟ ಕೊಟ್ಟಿದ್ದು ಅಂತ. ಚೀಟಿ ಎತ್ತಿಸಿದ್ದು ಕೇಳಿ ನಿಜಕ್ಕೂ ಖುಷಿಯಾಯ್ತು, ನಮ್ಮ ಸ್ಟೂಡೆಂಟ್ಸ್ ಅಷ್ಟೂ ಮಾಡಲ್ಲ. ಹಂಗಾದ್ರೆ ಕ್ರಸ್ಕಲ್-ವಾಲಿಸ್ ಸರಿ. ವಿಲಿಯಂ ಕ್ರಸ್ಕಲ್, ಆಲನ್ ವಾಲಿಸ್ ಇಬ್ಬರೂ 1952ರಲ್ಲಿ ಕೊಟ್ಟ ಟೆಸ್ಟ್ ಇದು.

ಕೆಲಸ ಸುಲಭ. ಹದಿನೈದು ಅಂಕಿನೂ ಗುಂಪು ಮರೆತು ಒಂದೇ ಸಾಲಲ್ಲಿ ನಿಲ್ಲಿಸಬೇಕು, ಚಿಕ್ಕದಕ್ಕೆ 1, ದೊಡ್ಡದಕ್ಕೆ 15. ಆಮೇಲೆ ಮತ್ತೆ ಅವರವರ ಗುಂಪಿಗೆ ವಾಪಸ್ ಕಳಿಸಿ ರ್‍ಯಾಂಕ್ ಕೂಡಬೇಕು. ಟಿಕೆಟ್ ಹಿಂದುಗಡೆ ಬರೆದೆ. ಚಿಕೋರಿ ಇಲ್ಲದ್ದು 26, ಎಂಬತ್ತು-ಇಪ್ಪತ್ತು 59, ಅರವತ್ತು-ನಲವತ್ತು 35. ಒಟ್ಟು 120 ಬರಲೇಬೇಕು, ಬರದಿದ್ರೆ ಎಲ್ಲೋ ಎಡವಿದೀವಿ ಅಂತ. ಮೂರಕ್ಕೂ ವ್ಯತ್ಯಾಸ ಇಲ್ಲದಿದ್ರೆ ತಲಾ 40ರ ಆಸುಪಾಸು ಇರಬೇಕಿತ್ತು.

ಸೂತ್ರ ಇದು, N ಒಟ್ಟು ಜನ, n ಒಂದು ಗುಂಪಿನ ಜನ, R ಆ ಗುಂಪಿನ ರ್‍ಯಾಂಕ್ ಮೊತ್ತ:

```
H = 12/(N(N+1)) × Σ(R²/n) − 3(N+1)
```

ಐದೈದರ ಮೂರು ಗುಂಪಿದ್ರೆ ಇದು ಚೆನ್ನಾಗಿ ಕರಗುತ್ತೆ, ಮೂರು ಮೊತ್ತದ ವರ್ಗ ಕೂಡಿ ನೂರರಿಂದ ಭಾಗಿಸಿ 48 ಕಳೆದ್ರೆ ಆಯ್ತು. 676, 3481, 1225 ಕೂಡಿದ್ರೆ 5382. ಅಂದ್ರೆ H 5.82. ಗುಂಪುಗಳ ಮಧ್ಯೆ ಅಂತರ ಹೆಚ್ಚಿದಷ್ಟೂ H ದೊಡ್ಡದಾಗುತ್ತೆ, ಐದೈದು ಜನದ ಮೂರು ಗುಂಪಿಗೆ 5.78 ಮುಟ್ಟಿದ್ರೆ ವ್ಯತ್ಯಾಸ ಇದೆ ಅನ್ನಬಹುದು.

ಆಗ ಮತ್ತೆ ಫೋಟೋ ಜೂಮ್ ಮಾಡಿದೆ. ಎರಡು ಕಡೆ ಅನುಮಾನ. 28 ಅಂತ ಓದಿದ್ದು 29 ಇದ್ದರೂ ಇರಬಹುದು. ಅದಕ್ಕೆ ತಲೆ ಕೆಡಿಸ್ಕೊಳ್ಳಲಿಲ್ಲ, ಯಾಕಂದ್ರೆ ಎರಡರಲ್ಲಿ ಯಾವುದಾದ್ರೂ ಅದೇ ಎಲ್ಲಕ್ಕಿಂತ ದೊಡ್ಡದು, ರ್‍ಯಾಂಕ್ 15. ರ್‍ಯಾಂಕ್ ಟೆಸ್ಟಿಗೆ ಅಂಕಿ ಎಷ್ಟು ಅನ್ನೋದಕ್ಕಿಂತ ಯಾರ ಹಿಂದೆ ಯಾರ ಮುಂದೆ ಅನ್ನೋದೇ ಮುಖ್ಯ. ಆದ್ರೆ 17 ಇತ್ತಲ್ಲ, ಅದರ ಏಳು ನೆರಳಲ್ಲಿ ಥೇಟ್ ಒಂದರ ಥರ ಕಾಣ್ತಿತ್ತು. 11 ಆದ್ರೆ? ಎಂಟನೇ ಜಾಗದಿಂದ ಮೂರಕ್ಕೆ ಇಳಿಯುತ್ತೆ, ಮಧ್ಯೆ ಇದ್ದ ಐದು ಜನ ಒಂದೊಂದು ಮೆಟ್ಟಿಲು ಮೇಲೆ ಹತ್ತುತಾರೆ, ಅದರಲ್ಲಿ ನಾಲ್ಕು ಜನ ಅರವತ್ತು-ನಲವತ್ತಿನೋರು. ಮೊತ್ತ 27, 54, 39. H ಬರೋದು 3.66! ಒಂದು ಅಂಕಿಗೆ ಪ್ರಾಜೆಕ್ಟಿನ ಹಣೆಬರಹವೇ ತಿರುಗ್ತಿತ್ತು.

ಫೋನ್ ಮಾಡಿದೆ. ಇಲ್ಲೇ ನಾನು ತಪ್ಪು ಮಾಡಿದ್ದು. "17 ಆದ್ರೆ ವ್ಯತ್ಯಾಸ ಇದೆ ಅನ್ನಬಹುದು ಕಣೇ, 11 ಆದ್ರೆ ಇಲ್ಲ, ಅದು ಹದಿನೇಳಾ ಹನ್ನೊಂದಾ?" ಅಂದೆ. ಅವಳು ಒಂದು ಕ್ಷಣ ಸುಮ್ನಿದ್ದು ಕೇಳಿದಳು, "ಯಾವ್ದಾದ್ರೆ ಒಳ್ಳೇದು ಮಾವ?"

ಹುಡುಗಿ ಮೋಸಗಾತಿ ಅಲ್ಲ, ತುಂಬಾ ನೇರ, ಸ್ವಲ್ಪ ಅವಸರ ಅಷ್ಟೇ, ಥೇಟ್ ಅವರಮ್ಮ. ಕೈಲಿ ಉತ್ತರ ಇಟ್ಕೊಂಡು ಪ್ರಶ್ನೆ ಕೇಳಿದ್ದು ನಾನು. ಲೆಕ್ಕಕ್ಕೆ ಮುಂಚೆನೇ "ಇದೇನೇ ಇದು" ಅಂತ ಕೇಳಿದ್ರೆ ಅವಳು ನೋಡಿದ್ದನ್ನ ಹೇಳ್ತಿದ್ದಳು. ಈಗ ಅವಳು 17 ಅಂದ್ರೂ ನನಗೆ ಅನುಮಾನ, 11 ಅಂದ್ರೂ ಪಾಪ ಅನ್ನಿಸುತ್ತೆ. ನನಗೇ ಒಳಗೊಳಗೆ 17 ಆಗ್ಲಿ ಅನ್ನಿಸಿತ್ತು ಅನ್ನೋದೂ ಸುಳ್ಳಲ್ಲ, ದಾರಿಯುದ್ದಕ್ಕೂ ಅದೇ ಯೋಚನೆ.

"ಕುಡಿದೋರು ಬರೆದ ಚೀಟಿ ಇದ್ಯಾ?" ಅಂದೆ. ಇತ್ತು, ಪುಣ್ಯಕ್ಕೆ, ಬಿಸ್ಕೆಟ್ ಡಬ್ಬೀಲಿ. ಸಂಜೆ ಅದರ ಫೋಟೋ ಬಂತು, ಏಳಕ್ಕೆ ನಡುವೆ ಅಡ್ಡಗೆರೆ ಎಳೆದು ಸ್ಪಷ್ಟವಾಗಿ 17 ಅಂತಿದೆ. ನೋಟ್‌ಬುಕ್ಕಿಗೆ ಇಳಿಸುವಾಗ ಇವಳು ಗೆರೆ ಬಿಟ್ಟಿದ್ದಳು. ದೊಡ್ಡ ಅಂಕಿದೂ ನೋಡಿದೆ, 28ಏ.

ಮುಗೀತು ಅನ್ಕೊಂಡ್ರೆ ಮಾರನೇ ದಿನ ಮತ್ತೆ ಫೋನ್. ಲ್ಯಾಬಿನ ಕಂಪ್ಯೂಟರಲ್ಲಿ ಹಾಕಿದ್ರೆ p 0.054 ಬಂತಂತೆ, ವ್ಯತ್ಯಾಸ ಇಲ್ಲ ಅಂತ ಬರಿ ಅಂದ್ರಂತೆ ಅವರ ಗೈಡು. p ಅಂದ್ರೆ ನಿಜಕ್ಕೂ ವ್ಯತ್ಯಾಸ ಇಲ್ಲದಿದ್ರೂ ಬರೀ ಆಕಸ್ಮಿಕವಾಗಿ ಇಷ್ಟು ಅಂತರ ಬರೋ ಸಾಧ್ಯತೆ, 0.05 ದಾಟಿದ್ರೆ ವ್ಯತ್ಯಾಸ ಇದೆ ಅನ್ನಲ್ಲ. ಇಬ್ಬರದ್ದೂ H ಒಂದೇ, 5.82. ತಕರಾರು ಬಂದಿದ್ದು ಯಾವ ಟೇಬಲ್ ಜೊತೆ ಹೋಲಿಸಬೇಕು ಅನ್ನೋದ್ರಲ್ಲಿ. ಸಾಫ್ಟ್‌ವೇರ್ ಸಾಮಾನ್ಯವಾಗಿ ಕೈ-ಸ್ಕ್ವೇರ್ ಬಳಸುತ್ತೆ, ಅಲ್ಲಿ ದಾಟಬೇಕಾದ ಗೆರೆ 5.99. ಅದು ಗುಂಪು ದೊಡ್ಡದಿದ್ದಾಗ ಸರಿ ಬರೋ ಅಂದಾಜು. ಐದೈದು ಜನಕ್ಕೆ ಎಲ್ಲಾ ಜೋಡಣೆನೂ ಎಣಿಸಿ ಮಾಡಿದ ನಿಖರ ಟೇಬಲ್ ಹಳೇ ಪುಸ್ತಕಗಳ ಹಿಂದೆ ಇರುತ್ತೆ, ಅದರಲ್ಲಿ ಗೆರೆ 5.78. ಒಂದೇ ಅಂಕಿ ಎರಡು ಸಲ ಬರದಿದ್ದಾಗ ಅದನ್ನೇ ನಂಬಬೇಕು, ಇವಳ ಹದಿನೈದರಲ್ಲಿ ಎರಡು ಒಂದೇ ಇಲ್ಲ. ಗೈಡಿಗೆ ಮಷೀನ್ ಹೇಳಿದ್ದೇ ವೇದ ಅನ್ನಿಸುತ್ತೆ, ಬೈಯಲ್ಲ, ನಾನೂ ಮೊದಲ ಹತ್ತು ವರ್ಷ ಹಂಗೇ ಇದ್ದೆ. ಎರಡೂ p ಬರಿ, ಯಾವುದು ಯಾಕೆ ಅಂತ ಒಂದು ಸಾಲು ಹಾಕು ಅಂದೆ.

"ಹಂಗಾದ್ರೆ ಎಂಬತ್ತು-ಇಪ್ಪತ್ತು ಗೆದ್ದಂಗಾ?"

ಅದೂ ಇಲ್ಲ. H ಹೇಳೋದು ಮೂರೂ ಒಂದೇ ಥರ ಇಲ್ಲ ಅಂತಷ್ಟೇ, ಯಾವುದು ಯಾವುದಕ್ಕಿಂತ ಮೇಲು ಅಂತ ಅಲ್ಲ. ಅದಕ್ಕೆ ಜೋಡಿ ಜೋಡಿ ಹೋಲಿಸಬೇಕು, ಡನ್ ಟೆಸ್ಟ್ ಅಂತಾರೆ. ಎಂಬತ್ತು-ಇಪ್ಪತ್ತರ ಸರಾಸರಿ ರ್‍ಯಾಂಕ್ 11.8, ಚಿಕೋರಿ ಇಲ್ಲದ್ದಕ್ಕೆ 5.2, ಅಂತರ 6.6. ಅದನ್ನ ಆ ಅಂತರದ ಸ್ಟ್ಯಾಂಡರ್ಡ್ ಎರರ್ 2.83ರಿಂದ ಭಾಗಿಸಿದ್ರೆ 2.33. ಮೂರು ಜೋಡಿ ನೋಡ್ತೀವಲ್ಲ, ಅದಕ್ಕೆ ಗೆರೆ ಮೇಲೇರಿಸಬೇಕು, ಬಾನ್‌ಫೆರೋನಿ ಪ್ರಕಾರ 2.39. ಕೂದಲೆಳೇಲಿ ತಪ್ಪಿತು. ಉಳಿದ ಎರಡು ಜೋಡಿ ಹತ್ತಿರಕ್ಕೂ ಬರಲ್ಲ.

ಹೇಳಿದೆ. ಆ ಕಡೆ ಉದ್ದ ಉಸಿರು. "ಅಲ್ಲ ಮಾವ, ಮೂರರಲ್ಲಿ ವ್ಯತ್ಯಾಸ ಇದೆ ಅಂತೀರಾ, ಯಾವ ಎರಡರ ಮಧ್ಯೆ ಅಂದ್ರೆ ಗೊತ್ತಿಲ್ಲ ಅಂತೀರಾ, ಇದನ್ನ ವೈವಾದಲ್ಲಿ ಹೆಂಗ್ ಹೇಳ್ಲಿ?"

"ಹಂಗೇ ಹೇಳು" ಅಂದೆ. ನಿನ್ನೆ ವೈವಾ ಇತ್ತು. ಹಂಗೇ ಹೇಳಿದಳಂತೆ, ಜೊತೆಗೆ ಬಿಸ್ಕೆಟ್ ಡಬ್ಬಿನೂ ತಗೊಂಡು ಹೋಗಿದ್ದಳಂತೆ.