ಗಾಜಿನೊಳಗೆ ನಕ್ಷತ್ರ ತಾನಾಗಿ ಹುಟ್ಟುವುದಿಲ್ಲ

ನಾನು ಹರಳು ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ನನ್ನ ಮೇಜಿಗೆ ಬರುವ ನಕಲಿಗಳಲ್ಲಿ ಹೆಚ್ಚು ಸಿಟ್ಟು ತರಿಸುವುದು ಗಾಜಿನ ವೈಡೂರ್ಯ. ಕೇತುವಿಗೆಂದು ಯಾರೋ ಹೇಳಿದ್ದನ್ನು ನಂಬಿ, ಉಳಿಸಿದ ದುಡ್ಡು ಸುರಿದು ಕೊಂಡವರೇ ಅದನ್ನು ತರುತ್ತಾರೆ. ‘ಗೆರೆ ಓಡಾಡುತ್ತದಲ್ಲ ಸಾರ್, ಅಸಲಿಯೇ ಇರಬೇಕು’ ಎನ್ನುತ್ತಾರೆ. ಗೆರೆ ಓಡಾಡುವುದು ನಿಜ. ಆದರೆ ಆ ಗೆರೆಯನ್ನು ಮೂಡಿಸುತ್ತಿರುವುದು ಏನು ಎಂಬುದನ್ನು ನೋಡಬೇಕು.

ರೇಷ್ಮೆ ನೂಲಿನ ಉಂಡೆಯನ್ನು ದೀಪದ ಕೆಳಗೆ ಹಿಡಿದರೆ ಎಳೆಗಳಿಗೆ ಅಡ್ಡಲಾಗಿ ಒಂದು ಹೊಳೆಯುವ ಪಟ್ಟಿ ಕಾಣುತ್ತದೆ. ವೈಡೂರ್ಯದಲ್ಲೂ ನಡೆಯುವುದು ಇದೇ. ಕ್ರೈಸೋಬೆರಿಲ್ ಎಂಬ ಖನಿಜದೊಳಗೆ ಕೂದಲಿಗಿಂತ ಸಣ್ಣ ಸೂಜಿಗಳೋ ಟೊಳ್ಳು ಕೊಳವೆಗಳೋ ಒಂದೇ ದಿಕ್ಕಿಗೆ ಒತ್ತೊತ್ತಾಗಿ ಮಲಗಿರುತ್ತವೆ. ಮೇಲ್ಭಾಗವನ್ನು ಗುಮ್ಮಟವಾಗಿ ಉಜ್ಜಿದಾಗ ಅವುಗಳ ಮೇಲೆ ಬಿದ್ದ ಬೆಳಕು ಅಡ್ಡಗೆರೆಯಾಗಿ ಕೂಡಿಕೊಳ್ಳುತ್ತದೆ.

ನಕ್ಷತ್ರ ನೀಲದಲ್ಲಿ ಸೂಜಿಗಳ ದಿಕ್ಕು ಒಂದಲ್ಲ, ಮೂರು. ನೀಲ ಮತ್ತು ಮಾಣಿಕ್ಯ ಎರಡೂ ಕುರುಂದ ಜಾತಿಯ ಹರಳುಗಳು. ನೆಲದಾಳದ ಬಿಸಿಯಲ್ಲಿ ಸ್ವಲ್ಪ ಟೈಟಾನಿಯಂ ಕುರುಂದದೊಳಗೆ ಕರಗಿರುತ್ತದೆ. ಕಲ್ಲು ನಿಧಾನವಾಗಿ ಆರುತ್ತಾ ಹೋದಂತೆ ಅದಕ್ಕೆ ಅಲ್ಲಿ ಜಾಗ ಸಾಲದೆ, ರೂಟೈಲ್ ಎಂಬ ಖನಿಜದ ಸೂಜಿಗಳಾಗಿ ಬೇರ್ಪಡುತ್ತದೆ. ಆ ಸೂಜಿಗಳು ಮನಬಂದಂತೆ ಬೆಳೆಯುವುದಿಲ್ಲ. ಹರಳಿನ ಆರು ಮುಖದ ಕಟ್ಟಣೆಯನ್ನು ಅನುಸರಿಸಿ, 60 ಡಿಗ್ರಿ ಅಂತರದ ಮೂರು ದಿಕ್ಕುಗಳಲ್ಲಿ ಮಾತ್ರ ಬೆಳೆಯುತ್ತವೆ. ಒಂದೊಂದು ದಿಕ್ಕಿಗೆ ಒಂದೊಂದು ಗೆರೆ, ಮೂರು ಗೆರೆ ಸೇರಿ ಆರು ಕಿರಣ. ಉಜ್ಜುವವನು ಹರಳಿನ ಅಕ್ಷ ಗುಮ್ಮಟದ ನೆತ್ತಿಗೆ ಬರುವಂತೆ ಕೂರಿಸದಿದ್ದರೆ ನಕ್ಷತ್ರ ಒಂದು ಬದಿಗೆ ಜಾರುತ್ತದೆ. ಅಸಲಿ ಕಲ್ಲುಗಳಲ್ಲಿ ಇದನ್ನು ಆಗಾಗ ಕಾಣುತ್ತೇನೆ, ಏಕೆಂದರೆ ತೂಕ ಉಳಿಸಲು ಅಷ್ಟನ್ನು ಸಹಿಸಿಕೊಳ್ಳುತ್ತಾರೆ. ನಮ್ಮ ಕರ್ನಾಟಕದಲ್ಲಿ ಸಿಗುವ ಮಂದ ಕೆಂಪಿನ ನಕ್ಷತ್ರ ಮಾಣಿಕ್ಯಗಳ ಹಿನ್ನೆಲೆಯೂ ಇದೇ.

ಗಾಜಿಗೆ ಇಂಥ ಒಳಕಟ್ಟಣೆಯೇ ಇಲ್ಲ. ಹಾಗಾಗಿ ಗಾಜಿನಲ್ಲಿ ಗೆರೆಯೋ ನಕ್ಷತ್ರವೋ ಬೇಕೆಂದರೆ ಹೊರಗಿನಿಂದ ತಂದು ಕೂರಿಸಬೇಕು, ಮತ್ತು ಕೂರಿಸಿದ ಗುರುತು ಎಲ್ಲಾದರೂ ಉಳಿದೇ ಉಳಿಯುತ್ತದೆ.

ಈಚೆಗೆ ಒಬ್ಬರು ಜೇನುಬಣ್ಣದ ಬಿಡಿ ಹರಳು ತಂದಿದ್ದರು. ಗೆರೆ ಚೂಪಾಗಿ, ಅಂಚಿನಿಂದ ಅಂಚಿಗೆ ಎಳೆದಂತೆ ನೇರವಾಗಿತ್ತು. ಅಂಗಡಿಯವನು ಅಂಗೈಯಲ್ಲಿಟ್ಟು ‘ಭಾರ ನೋಡಿ, ಗಾಜಾದರೆ ಹಗುರ’ ಎಂದಿದ್ದನಂತೆ. ಗಾಳಿಯಲ್ಲಿ ತೂಗಿದಾಗ 6.30 ಕ್ಯಾರೆಟ್, ನೀರಿನಲ್ಲಿ ಮುಳುಗಿಸಿ ತೂಗಿದಾಗ 4.90. ಕಳೆದುಕೊಂಡದ್ದು 1.40. ಗಾಳಿಯ ತೂಕವನ್ನು ಈ ನಷ್ಟದಿಂದ ಭಾಗಿಸಿದರೆ ಸಾಂದ್ರತೆ 4.50 ಬರುತ್ತದೆ. ಕ್ರೈಸೋಬೆರಿಲ್‌ನದು ಸುಮಾರು 3.73, ಅದೇ ಆಗಿದ್ದರೆ ನಷ್ಟ 1.69ರ ಆಸುಪಾಸಿನಲ್ಲಿರಬೇಕಿತ್ತು. ಹರಳು ಹಗುರವಾಗಿರಲಿಲ್ಲ, ಅಸಲಿಗಿಂತಲೂ ಭಾರವಾಗಿತ್ತು. ಸೀಸದಂಥ ಭಾರದ ಧಾತು ಬೆರೆತ ಗಾಜು ಹೀಗಿರಬಲ್ಲದು. ಆದ್ದರಿಂದ ಅಂಗೈ ತೂಕವನ್ನು ದಯವಿಟ್ಟು ನಂಬಬೇಡಿ.

ತೀರ್ಮಾನ ಸಿಕ್ಕಿದ್ದು ಪಕ್ಕದಿಂದ ನೋಡಿದಾಗ. ಗೆರೆ ಹರಳಿನ ಉದ್ದಕ್ಕೆ ಓಡುತ್ತಿದ್ದರೆ ಎಳೆಗಳು ಅಗಲಕ್ಕೆ ಮಲಗಿವೆ ಎಂದರ್ಥ. ಹಾಗಾಗಿ ಎಳೆಗಳ ತುದಿಗಳು ಗೆರೆಯ ಎರಡು ಕೊನೆಗಳಲ್ಲಿ ಇರುವುದಿಲ್ಲ, ಗೆರೆಯ ಎಡಬಲದ ಪಕ್ಕೆಗಳಲ್ಲಿ ಇರುತ್ತವೆ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯನ್ನು ಆ ಪಕ್ಕೆಗೆ ಹಿಡಿದೆ. ಒಂದರ ಪಕ್ಕ ಒಂದು ಜೋಡಿಸಿಟ್ಟ ಆರು ಮೂಲೆಯ ಪುಟ್ಟ ಪುಟ್ಟ ಮನೆಗಳು, ಎಲ್ಲವೂ ಒಂದೇ ಅಳತೆ. ಗಾಜಿನ ನೂಲುಗಳನ್ನು ಕಟ್ಟಾಗಿ ಕೂಡಿಸಿ, ಬಿಸಿಯಲ್ಲಿ ಬೆಸೆದು, ತುಂಡರಿಸಿ ಉಜ್ಜಿದ ಮಾಲು ಅದು. ನೆಲದಲ್ಲಿ ಬೆಳೆದ ಯಾವ ವೈಡೂರ್ಯದಲ್ಲೂ ಈ ಮನೆಗಳು ಕಾಣುವುದಿಲ್ಲ. ತಂದವರ ಕೈಗೇ ಭೂತಗನ್ನಡಿ ಕೊಟ್ಟೆ. ನೋಡಿದ ಮೇಲೆ ಅವರು ಬೇರೆ ಪ್ರಶ್ನೆ ಕೇಳಲಿಲ್ಲ.

ಗಾಜಿನ ನಕ್ಷತ್ರಗಳನ್ನು ಹಿಡಿಯುವುದು ಇದಕ್ಕಿಂತ ಸುಲಭ. ಕೆಲವದರಲ್ಲಿ ಬೆನ್ನಿಗೆ ಗೆರೆ ಕೊರೆದ ಲೋಹದ ಹಾಳೆ ಅಂಟಿಸಿರುತ್ತಾರೆ. ಕೆಲವದರಲ್ಲಿ ಬಿಳಿ ಗಾಜಿನ ನೆತ್ತಿಯ ಮೇಲೆ ಆರು ಏಣುಗಳನ್ನು ಅಚ್ಚೊತ್ತಿ, ಮೇಲೆ ನೀಲಿ ಲೇಪ ಕೊಟ್ಟಿರುತ್ತಾರೆ. ಮೊಬೈಲ್ ಟಾರ್ಚ್ ಒಂದನ್ನೇ ಹಿಡಿದು ಹರಳನ್ನು ಓಲಾಡಿಸಿ. ಅಸಲಿ ನಕ್ಷತ್ರ ಗುಮ್ಮಟದ ಮೇಲೆ ಜಾರುತ್ತದೆ, ಟಾರ್ಚ್ ಆರಿಸಿ ಮೋಡದ ಬೆಳಕಿಗೆ ತಂದರೆ ಮಸುಕಾಗುತ್ತದೆ ಅಥವಾ ಮಾಯವಾಗುತ್ತದೆ. ಅಚ್ಚಿನ ನಕ್ಷತ್ರ ಎಲ್ಲ ಬೆಳಕಿನಲ್ಲೂ ಇದ್ದಲ್ಲೇ ಇರುತ್ತದೆ. ನೂಲುಗಾಜಿಗೆ ಮಾತ್ರ ಈ ಪರೀಕ್ಷೆ ನಡೆಯದು, ಅದರ ಗೆರೆಯೂ ಜಾರುತ್ತದೆ.

ಈ ಪರೀಕ್ಷೆಗಳೆಲ್ಲ ಗಾಜಿಗೆ ಮಾತ್ರ ಎಂಬುದು ನೆನಪಿರಲಿ. 1947ರಲ್ಲಿ ಅಮೆರಿಕದ ಲಿಂಡೆ ಕಂಪನಿ ಕುಲುಮೆಯಲ್ಲೇ ನಕ್ಷತ್ರ ನೀಲ ಬೆಳೆಸಿ ಮಾರುಕಟ್ಟೆಗೆ ತಂದಿತು. ಅದು ನಿಜವಾದ ಕುರುಂದವೇ, ಸಾಂದ್ರತೆ 4.00, ಸೂಜಿಗಳೂ ರೂಟೈಲೇ, ನಕ್ಷತ್ರವೂ ಜಾರುತ್ತದೆ. ಕಿರಣಗಳು ತೀರಾ ಚೂಪಾಗಿ, ನಕ್ಷತ್ರ ನಟ್ಟನಡುವೆ ಕೂತಿದ್ದು, ತಳವೂ ನುಣುಪಾಗಿದ್ದರೆ ನಾನು ಸೂಕ್ಷ್ಮದರ್ಶಕದ ಕೆಳಗಿಟ್ಟು ಕುಲುಮೆಯಲ್ಲಿ ಬೆಳೆದದ್ದರ ಗುರುತಾದ ಬಾಗಿದ ಬೆಳವಣಿಗೆಯ ಗೆರೆಗಳನ್ನು ಹುಡುಕುತ್ತೇನೆ. ಹಿಂಬದಿ ಮುಚ್ಚಿದ ಉಂಗುರದಲ್ಲಿ ಇದು ಸಾಧ್ಯವಿಲ್ಲ. ಹರಳು ಬಿಚ್ಚಿಸಿ ತನ್ನಿ ಎಂದು ಅಂಥವರನ್ನು ವಾಪಸ್ ಕಳಿಸುತ್ತೇನೆ.